ಕಥೆ: ಆರ್ಡರ್ ನಂಬರ್ 1. ಕೊನೆ ಕೂಡವಲ್ದು, ಓದಿ ಹೇಳ್ರಿ

ಎಡದಂಡೆ ಹುಡುಗ

ಕಥಿ ಬರಿಯೋರು, ಅಂಗಡಿ ನಡಸೋರು ಇಬ್ರೂ ಇಲ್ಲಿ ಅದೀರಿ ಅಂತ ಇಲ್ಲೇ ಹಾಕಾಕತ್ತೀನಿ. ಕಾರಟಗಿ ಕಡೆಯ ಒಂದು ಹಳ್ಳಿ, ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ಊರು. ಹೆಸರು ಎಲ್ಲಾ ಬದಲಿಸೀನಿ. ಕೊನೆಯ ಪ್ಯಾರಾ ನಾಲ್ಕು ಸಲ ಬರೆದು ನಾಲ್ಕು ಸಲ ಅಳಿಸಿದೆ. ಎಲ್ಲಿ ನಿಂತೈತೋ ಅಲ್ಲಿಗೇ ಬಿಟ್ಟೀನಿ.

---

ಶರಣಪ್ಪ ಅಂಗಡಿ ಮುಂದಿನ ಕಸ ಹೊಡೆದು, ನೀರು ಚಿಮುಕಿಸಿ, ಗಲ್ಲಾದ ಮೇಲಿನ ಲಕ್ಷ್ಮಿಗೆ ಊದಿನಕಡ್ಡಿ ಹಚ್ಚುತ್ತಿದ್ದ. ಕಡ್ಡಿ ಇನ್ನೂ ಹೊತ್ತಿರಲಿಲ್ಲ, ಪಕ್ಕದಲ್ಲಿದ್ದ ರೊಕ್ಕದ ಡಬ್ಬಿ ಮಾತಾಡಿತು: "ಆರು ನೂರ ನಲವತ್ತು ರೂಪಾಯಿ ಬಂದಿದೆ."

ಅಂಗಡಿಯಲ್ಲಿ ಯಾರೂ ಇರಲಿಲ್ಲ. ಶರಣಪ್ಪ ಹೊರಗೆ ಬಂದು ಕಟ್ಟೆಯ ಆಚೆ ಈಚೆ ನೋಡಿದ. ಒಂದು ಎಮ್ಮೆ, ಹಾಲಿನ ಕ್ಯಾನು ಕಟ್ಟಿದ ಒಂದು ಸೈಕಲ್ಲು. ಗೋಡೆಗೆ ಅಂಟಿಸಿದ ಕ್ಯೂಆರ್ ಚೀಟಿಯ ಹತ್ತಿರ ಯಾರೂ ಬಂದ ಹಾಗಿರಲಿಲ್ಲ. ಯಾರೋ ತಪ್ಪಿ ಹಾಕಿರಬೇಕು, ಮಧ್ಯಾಹ್ನದೊಳಗೆ ಹುಡುಕಿಕೊಂಡು ಬಂದೇ ಬರುತ್ತಾರೆ ಅಂದುಕೊಂಡು ಆರು ನೂರ ನಲವತ್ತನ್ನು ತೆಗೆದು ಗಲ್ಲಾದ ಮೂಲೆಯಲ್ಲಿ ಬೇರೆ ಇಟ್ಟ. ಯಾರದೋ ರೊಕ್ಕ ತನ್ನ ರೊಕ್ಕದ ಜೊತೆ ಕೂಡಬಾರದು ಅಂತ.

ಅಷ್ಟರಲ್ಲಿ ಮಾಳಿಗೆಯಿಂದ ಮಗ ಬರಿಗಾಲಲ್ಲಿ ಓಡಿಬಂದ. "ಅಪ್ಪಾ, ಬಂತು! ಆ್ಯಪಿನ್ಯಾಗ ಆರ್ಡರ್ ಬಂತು!"

ಎಂಟು ದಿನದಿಂದ ಅದೇ ಮಾತು. ಗಂಗಾವತಿಯಲ್ಲಿ ಕಂಪ್ಯೂಟರ್ ಓದಿ ಮನೆಗೆ ಬಂದ ಮಂಜು, ಅಂಗಡಿಯ ಒಂದೊಂದು ಡಬ್ಬಿಯ ಮುಂದೆ ನಿಂತು ಫೋಟೋ ತೆಗೆದಿದ್ದ. "ಪುಟಾಣಿ ಎಷ್ಟದಾವ?" ಅಂದರೆ ಶರಣಪ್ಪ "ಅದಾವ" ಅನ್ನುತ್ತಿದ್ದ. "ಎಷ್ಟು ಕಿಲೋ?" ಅಂದರೆ ಚೀಲದ ಬಾಯಿ ಹಿಡಿದು ಒಮ್ಮೆ ಎತ್ತಿ ಇಳಿಸಿ "ಎಂಟು ಬರಕೋ" ಅನ್ನುತ್ತಿದ್ದ. ಆಮೇಲೆ ತೂಗಿದರೆ ಎಂಟು ಕಿಲೋ ನೂರು ಗ್ರಾಂ.

ಈಗ ಕನ್ನಡಕ ಹಾಕಿಕೊಂಡು ಫೋನಿನಲ್ಲಿದ್ದ ಚೀಟಿ ಓದಿದ. ತೊಗರಿ ಬ್ಯಾಳಿ ಒಂದು ಕಿಲೋ, 130. ಸಕ್ಕರೆ ಎರಡು ಕಿಲೋ, 90. ಎಣ್ಣೆ ಪಾಕೀಟು ಒಂದು, 155. ಚಾಪುಡಿ ಕಾಲು ಕಿಲೋ, 90. ಬಟ್ಟೆ ಸೋಪು ನಾಲ್ಕು, 40. ಪುಟಾಣಿ ಅರ್ಧ ಕಿಲೋ, 60. ಬೆಲ್ಲ ಒಂದು ಕಿಲೋ, 60. ಐದು ರೂಪಾಯಿ ಬಿಸ್ಕೀಟು ಮೂರು. ಶರಣಪ್ಪನ ತುಟಿ ಅಲುಗಿತು. ಕೆಳಗಿನ ಒಟ್ಟು ನೋಡುವ ಮೊದಲೇ ಅವನು 640 ಅಂದಿದ್ದ.

ಕೈ ತಾನಾಗಿ ಕೆಲಸಕ್ಕೆ ಬಿತ್ತು. ಪೇಪರ್ ಸುರುಳಿ ಸುತ್ತಿ ಪುಟಾಣಿ ಹಾಕಿದ, ತಕ್ಕಡಿ ತೂಗಿದ ಮೇಲೆ ರೂಢಿಯಂತೆ ಇನ್ನೊಂದು ಚಿಟಿಕೆ ಹೆಚ್ಚು. ಬೆಲ್ಲದ ಅಚ್ಚು ಒಡೆದ. ಮೂರು ಬಿಸ್ಕೀಟು ಮೇಲೆ ಬಂತು, ಕೆಳಗಿದ್ದರೆ ಪುಡಿಯಾಗುತ್ತವೆ. ತಲೆಯ ಮೇಲೆ ತೂಗುಬಿದ್ದ ಉಂಡೆಯಿಂದ ದಾರ ಎಳೆಯುತ್ತಾ ಕೇಳಿದ, "ಯಾರ ಮನಿದು?"

"ಕೆಳಗಿನ ಓಣಿ. ಹನುಮಂತಂದು."

ದಾರ ಕೈಯಲ್ಲೇ ಉಳಿಯಿತು.

ಖಾತೆ ಪುಸ್ತಕ ತೆಗೆಯುವುದೇ ಬೇಕಿರಲಿಲ್ಲ, ಆದರೂ ತೆಗೆದ. ಕೆಂಪು ಬಟ್ಟೆಯ ರಟ್ಟಿನ ಹಳೆಯ ಪುಸ್ತಕ, 2023ರ ದೀಪಾವಳಿಗೆ ಪೂಜೆ ಮಾಡಿ ಇಟ್ಟದ್ದು. ಆ ವರ್ಷ ಮಳೆ ಕೈಕೊಟ್ಟಿತ್ತು, ಡ್ಯಾಮು ತುಂಬಲಿಲ್ಲ, ಎರಡನೇ ಬೆಳೆಗೆ ಕಾಲುವೆಯಲ್ಲಿ ನೀರು ಬರಲಿಲ್ಲ. ಸುಗ್ಗಿಗೆ ಕೊಡುತ್ತೇನೆ ಅಂದವರು ಮುಂದಿನ ಸುಗ್ಗಿ ಅಂದರು. ಹನುಮಂತನ ಹಾಳೆಯಲ್ಲಿ ಕೊನೆಯ ಸಾಲು 2024ರ ಜನವರಿಯದು. ಬಾಕಿ 3,470. ಅಲ್ಲಿಂದ ಇವತ್ತಿನವರೆಗೆ ಅವನು ಅಂಗಡಿಯ ಕಟ್ಟೆ ಹತ್ತಿರಲಿಲ್ಲ. ಸಂತೆ ಕಾರಟಗಿಯಲ್ಲಿ. ಗಾಡಿ ಮೇಲೆ ಹೋಗುವಾಗ ಅಂಗಡಿ ಬಂದ ಕೂಡಲೇ ಅವನ ಮುಖ ಆಚೆ ಕಡೆ ತಿರುಗುತ್ತಿತ್ತು.

"ಇದನ್ನ ಹಳೇ ಬಾಕಿಗಿ ಜಮಾ ಮಾಡು," ಅಂದ ಶರಣಪ್ಪ.

"ಅಪ್ಪಾ, ಅದು ಆರ್ಡರಿನ ರೊಕ್ಕ."

"ರೊಕ್ಕದ ಮ್ಯಾಲ ಹೆಸರು ಬರದಿರತೈತೇನು?"

ಮಗ ಫೋನನ್ನು ಅಪ್ಪನ ಕಡೆ ತಿರುಗಿಸಿದ. ಮೊತ್ತದ ಕೆಳಗೆ ಸಣ್ಣ ಅಕ್ಷರದಲ್ಲಿ `Order-1` ಅಂತಿತ್ತು. "ಬರದೈತಿ," ಅಂದ.

ಶರಣಪ್ಪ ಒಂದು ಕೈಯಲ್ಲಿ ದಾರ, ಒಂದು ಕೈಯಲ್ಲಿ ಪೆನ್ಸಿಲ್ ಹಿಡಿದು ನಿಂತ.

---

ಇಲ್ಲಿಂದ ಮುಂದ ಕೈ ಓಡವಲ್ದು. ಆತ ಕಟ್ಟು ಕಟ್ಟಬೇಕೋ, ಪುಸ್ತಕದಾಗ ಬರೀಬೇಕೋ? ಕಥಿಗೆ ಚಂದ ಕಾಣೋದು ಬ್ಯಾಡ, ಖರೇ ಏನು ಆಗತೈತಿ ಅದನ್ನ ಹೇಳ್ರಿ.

ಸಿಂಧನೂರು ಕಿರಾಣಿ

ತಮ್ಮಾ, ಕಥಿ ಛಲೋ ಐತಿ. ಬಿಸ್ಕೀಟು ಮ್ಯಾಲ ಇಡೋದು ಅಂಗಡ್ಯಾಗ ಬೆಳದವಗ ಮಾತ್ರ ಗೊತ್ತಿರತೈತಿ. ಆದ್ರ ಒಂದು ತಪ್ಪೈತಿ. ಹೆಸರು ಕೇಳದ ಯಾವ ವ್ಯಾಪಾರಸ್ಥನೂ ಕಟ್ಟು ಕಟ್ಟಂಗಿಲ್ಲ. ನಮಗ ಮೊದಲು ಮನಿ, ಆಮ್ಯಾಲ ಮಾಲು. ಯಾರ ಮನಿ ಅಂತ ಗೊತ್ತಾದ್ರ ಯಾವ ಬ್ಯಾಳಿ ಕೊಡಬೇಕು, ಬೆಲ್ಲ ಕರೇದೋ ಬಿಳೇದೋ, ಎಲ್ಲಾ ಗೊತ್ತಾಗತೈತಿ.

ಇನ್ನ ಕೊನಿ ಮಾತು. ನಿಮ್ಮ ಶರಣಪ್ಪ ಹೇಳಿದ್ದು ಸರಿನೇ ಐತಿ. ಎರಡು ವರ್ಷ ಮುಖ ತೋರಸಲಾರದವ ಫೋನಿನ್ಯಾಗ ರೊಕ್ಕ ಹಾಕ್ಯಾನ ಅಂದ್ರ ಅದು ಮೊದಲು ಹಳೇ ಬಾಕಿಗೇ ಹೋಗಬೇಕು. ನಾ ಮೂವತ್ತು ವರ್ಷದಿಂದ ಹಂಗ ಮಾಡೀನಿ. ಸುಗ್ಗಿಗೆ ಐದು ಸಾವಿರ ತಂದು ಕೈಗಿಟ್ಟು "ಮಾಲು ಕಟ್ರಿ" ಅಂದ್ರ, ನಾ ಹಳೇದು ಮುರಕೊಂಡು ಉಳದದ್ದಕ್ಕ ಮಾಲು ಕಟ್ತೀನಿ. ಯಾರೂ ಒಂದು ಮಾತು ಅಂದಿಲ್ಲ.

ಇನ್ನೊಂದು ವಿಷಯ ಐತಿ, ನಿಮ್ಮ ಕಥ್ಯಾಗ ಬಂದಿಲ್ಲ. ಬ್ಯಾಳಿ 130 ಅಂತ ಬರದೀರಿ. ಅದು ನಗದಿ ಧಾರಣಿನೋ, ಉದ್ರಿ ಧಾರಣಿನೋ? ಉದ್ರಿ ಒಯ್ಯೋರಿಗೆ ನಾವು ಕಿಲೋಕ್ಕ ಎರಡು ಮೂರು ರೂಪಾಯಿ ಕೂಡಿಸೇ ಬರೀತೀವಿ. ಬಡ್ಡಿ ಅಂತ ಬ್ಯಾರೆ ಹಾಕಂಗಿಲ್ಲ. ಹುಡುಗ ಆ್ಯಪಿನ್ಯಾಗ ನಗದಿ ಧಾರಣಿ ಹಾಕಿದ ದಿನಾನೇ ಉದ್ರಿ ಗಿರಾಕಿ ಎಲ್ಲಾರೂ ನೋಡ್ಯಾರ. "ನಮಗ 133 ಹಾಕಿದ್ರೆಲ್ಲಾ ಶೆಟ್ರ?" ಅಂತ ಕೇಳೋರಿಗೆ ಏನು ಹೇಳ್ತೀರಿ? ಖರೇ ಜಗಳ ಹುಟ್ಟೋದು ಅಲ್ಲಿ.

ಮಾನ್ವಿ ತಮ್ಮ

ಅಣ್ಣಾ, ಆ್ಯಪ್ ಮಾಡಾಕ ಎಷ್ಟು ಖರ್ಚಾತು? ನಮ್ಮದೂ ಸಣ್ಣ ಅಂಗಡಿ ಐತಿ. ಪ್ಲೇ ಸ್ಟೋರಿಗೆ ಹಾಕಬೇಕೇನು, ಇಲ್ಲಾ ಲಿಂಕ್ ಕಳಿಸಿದ್ರ ನಡೀತೈತೇನು? ನಮ್ಮ ಕಡೆ ಒಬ್ಬ ರೊಕ್ಕ ಹಾಕಿದ ಸ್ಕ್ರೀನ್‌ಶಾಟ್ ತೋರ್ಸಿ ಎರಡು ಚೀಲ ಮಾಲು ಒಯ್ದ. ಸಂಜಿಗೆ ನೋಡಿದ್ರ ಖಾತೆಗೆ ಒಂದು ರೂಪಾಯಿ ಬಂದಿಲ್ಲ. ಸ್ಕ್ರೀನ್‌ಶಾಟ್ ಹಿಂದಿನ ವಾರದ್ದು, ತಾರೀಖು ಅಳಿಸಿದ್ದ. ಅದಕ್ಕ ಈ ಆರ್ಡರಿನ ರೊಕ್ಕ ಖರೇ ಬಂದೈತೋ ಇಲ್ಲೋ ಮೊದಲು ನೋಡ್ರಿ.

ಕೋಡ್ ಗಂಗಾವತಿ

ಮಾನ್ವಿ ತಮ್ಮ, ಇದು ಕಥೆ ಮಾರಾಯಾ. ಆದ್ರೂ ನಿನ್ನ ಪ್ರಶ್ನೆ ಕಥೆಗೆ ಬೇಕಾದದ್ದೇ, ಅದಕ್ಕೆ ಹೇಳ್ತೀನಿ.

ಇಂಥ ಸಣ್ಣ ಆ್ಯಪ್‌ನಲ್ಲಿ ಹುಡುಗ್ರು ಸಾಮಾನ್ಯವಾಗಿ ಮಾಡೋದು ಇಷ್ಟು: ಬಟನ್ ಒತ್ತಿದ್ರೆ ಗಿರಾಕಿಯ ಫೋನಿನಲ್ಲೇ ಇರೋ ಪೇಮೆಂಟ್ ಆ್ಯಪ್ ತೆರೆಯೋ ಒಂದು ಲಿಂಕ್.

```
upi://pay?pa=xxxx@bank&pn=Kirani&am=640.00&cu=INR&tn=Order-1
```

`am` ಅಂದ್ರೆ ಮೊತ್ತ, `tn` ಅಂದ್ರೆ ಜೊತೆಗೆ ಹೋಗೋ ಟಿಪ್ಪಣಿ. ಖರ್ಚು ಏನೂ ಇಲ್ಲ. ಕೊರತೆ ಏನಂದ್ರೆ, ರೊಕ್ಕ ಮುಟ್ಟಿತೋ ಇಲ್ಲವೋ ಅಂತ ಮಂಜುವಿನ ಆ್ಯಪ್‌ಗೆ ನಂಬೋ ಹಾಗೆ ತಿಳಿಯೋದಿಲ್ಲ. "ಪೇ ಮಾಡಿದೆ" ಅಂತ ಗಿರಾಕಿಯ ಫೋನ್ ಹೇಳಿದ್ದನ್ನ ಅದು ನಂಬಬೇಕಷ್ಟೇ, ಆ ಮಾತನ್ನ ಸುಳ್ಳಾಗಿಯೂ ಹೇಳಿಸಬಹುದು. ಪಕ್ಕಾ ಆಗಬೇಕಂದ್ರೆ ಪೇಮೆಂಟ್ ಗೇಟ್‌ವೇ ಹಾಕಿಸಬೇಕು, ಅದಕ್ಕೆ ಕಾಗದಪತ್ರ ಬೇಕು. ಅದಿಲ್ಲದಿದ್ರೆ ಡಬ್ಬಿ ಮಾತಾಡಬೇಕು, ಇಲ್ಲಾ ಬ್ಯಾಂಕಿನ ಮೆಸೇಜ್ ನೋಡಬೇಕು. ಅದಕ್ಕೇ ಈ ಕಥೆಯಲ್ಲಿ ಡಬ್ಬಿ ಮೊದಲು ಮಾತಾಡಿ, ಆರ್ಡರ್ ಆಮೇಲೆ ಕಾಣಿಸಿದ್ದು ನನಗೆ ಬಹಳ ಸರಿ ಅನಿಸ್ತು. ಮಾನ್ವಿ ತಮ್ಮ, ನೀನೂ ಡಬ್ಬಿ ಮಾತಾಡದೆ ಚೀಲ ಎತ್ತಬೇಡ.

ಆ `tn` ಬಗ್ಗೆ ಒಂದು ಮಾತು. ಆ ಅಕ್ಷರ ಹನುಮಂತ ಬರೆದದ್ದಲ್ಲ, ಮಂಜುವಿನ ಕೋಡ್ ಬರೆದದ್ದು. ಹಾಗಂತ ಅದಕ್ಕೆ ಬೆಲೆ ಇಲ್ಲ ಅಂತಲ್ಲ. ಹನುಮಂತ ಅದನ್ನ ನೋಡಿಯೇ ಪಿನ್ ಒತ್ತಿದ್ದಾನೆ.

ಸಿರುಗುಪ್ಪ ಓದುಗ

ಕಥೆ ಕಥೆಯಾಗಿ ಇರಲಿ, ಆದರೆ ಶರಣಪ್ಪ ಈ ಉಸಾಬರಿಗೆ ಹೋಗಬಾರದಿತ್ತು. ಯುಪಿಐ ತಗೊಂಡರೆ ಜಿಎಸ್‌ಟಿ ನೋಟಿಸ್ ಬರುತ್ತೆ. 2025ರ ಜುಲೈನಲ್ಲಿ ಸಣ್ಣ ಸಣ್ಣ ಅಂಗಡಿಯವರಿಗೆಲ್ಲ ಬಂತಲ್ಲ, ಎಷ್ಟೋ ಜನ ಕ್ಯೂಆರ್ ಚೀಟಿ ಕಿತ್ತು ಹಾಕಿದ್ರು. ಆ್ಯಪ್ ಅಂದರೆ ಇನ್ನೂ ಸುಲಭವಾಗಿ ಸಿಕ್ಕಿಬೀಳ್ತಾರೆ.

ರಾಯಚೂರು ವಕೀಲ

ಸಿರುಗುಪ್ಪದವರೇ, ನೋಟಿಸ್ ಬಂದದ್ದು ನಿಜ. ಆದರೆ ಯುಪಿಐ ತಗೊಂಡದ್ದಕ್ಕಲ್ಲ, ಯುಪಿಐ ಲೆಕ್ಕದಲ್ಲಿ ವಹಿವಾಟು ಮಿತಿ ದಾಟಿದ ಹಾಗೆ ಕಂಡದ್ದಕ್ಕೆ. ಸರಕು ಮಾತ್ರ ಮಾರುವವರಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 40 ಲಕ್ಷ. ದಿನಕ್ಕೆ ಹತ್ತಿರ ಹತ್ತಿರ ಹನ್ನೊಂದು ಸಾವಿರದ ವ್ಯಾಪಾರ. ರೊಕ್ಕ ಕೈಗೆ ಬಂದರೂ ಫೋನಿಗೆ ಬಂದರೂ ಲೆಕ್ಕ ಒಂದೇ. ಚೀಟಿ ಕಿತ್ತರೆ ವ್ಯಾಪಾರ ಕಮ್ಮಿಯಾಗುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ, ಅದು ಈ ಕಥೆಗೂ ಸೇರುತ್ತದೆ. ಹಳೆ ಬಾಕಿ ವಸೂಲಾಗಿ ಬಂದ ರೊಕ್ಕ ಈ ವರ್ಷದ ಮಾರಾಟವಲ್ಲ, ಮಾಲು ಕೊಟ್ಟ ವರ್ಷದ ಮಾರಾಟ. ಫೋನಿನಲ್ಲಿ ಎರಡೂ ಒಂದೇ ತರಹ ಕಾಣುತ್ತವೆ. ಅದಕ್ಕೆ ಯಾವುದು ಯಾವುದಕ್ಕೆ ಬಂತು ಅಂತ ಅಂಗಡಿಯವನ ಪುಸ್ತಕ ಹೇಳಬೇಕು.

ಈಗ ಶರಣಪ್ಪನ ಪ್ರಶ್ನೆ. "ರೊಕ್ಕದ ಮೇಲೆ ಹೆಸರು ಬರೆದಿರುತ್ತದೆಯೇ" ಅಂತ ಅವನು ಕೇಳಿದ್ದನ್ನು ಓದಿ ನಾನು ಕುರ್ಚಿಯಿಂದ ಎದ್ದೆ. ಇದೇ ಪ್ರಶ್ನೆಗೆ 1872ರ ಕರಾರು ಕಾಯ್ದೆಯಲ್ಲಿ ಮೂರು ಕಲಮುಗಳಿವೆ. 59, 60, 61. ಒಬ್ಬನಿಗೇ ನಾಲ್ಕಾರು ಬಾಬತ್ತು ಕೊಡಬೇಕಾದವನು ರೊಕ್ಕ ಕೊಡುವಾಗ "ಇದು ಇಂಥದ್ದಕ್ಕೆ" ಅಂತ ಹೇಳಿದರೆ, ಅಥವಾ ಹೇಳದಿದ್ದರೂ ಸಂದರ್ಭ ನೋಡಿದರೆ ಹಾಗೆ ತಿಳಿಯುವಂತಿದ್ದರೆ, ತಗೊಂಡವನು ಅದನ್ನು ಅದಕ್ಕೇ ಜಮಾ ಮಾಡಬೇಕು. ಅದು 59. ಏನೂ ಹೇಳದೆ, ತಿಳಿಯುವ ದಾರಿಯೂ ಇಲ್ಲದೆ ಕೊಟ್ಟರೆ ತಗೊಂಡವನು ತನಗೆ ಬೇಕಾದ ಬಾಕಿಗೆ ಹಾಕಿಕೊಳ್ಳಬಹುದು, ಮುದ್ದತ್ತು ಮೀರಿದ ಬಾಕಿಗೂ. ಅದು 60. ಇಬ್ಬರೂ ಏನೂ ಮಾಡದಿದ್ದರೆ ಹಳೆಯದರಿಂದ ಶುರುವಾಗಿ ಸರದಿಯ ಪ್ರಕಾರ ತೀರುತ್ತದೆ. ಅದು 61.

ಸಿಂಧನೂರಿನ ಶೆಟ್ಟರು ಸುಗ್ಗಿಯಲ್ಲಿ ಮಾಡುತ್ತಿದ್ದದ್ದು ನಡೆಯುತ್ತಿತ್ತು, ಯಾಕೆಂದರೆ ಗಿರಾಕಿ ಎದುರಿಗೇ ನಿಂತಿರುತ್ತಾನೆ, ನೀವು ಮುರಿದುಕೊಳ್ಳುವುದನ್ನು ನೋಡಿಯೂ ಸುಮ್ಮನಿರುತ್ತಾನೆ. ಅದು ಒಪ್ಪಿಗೆ. ಇಲ್ಲಿ ಹನುಮಂತ ಎಂಟು ಸಾಮಾನು ಆರಿಸಿದ್ದಾನೆ, ಅವುಗಳ ಸರಿಯಾದ ಮೊತ್ತವನ್ನೇ ಹಾಕಿದ್ದಾನೆ, ಜೊತೆಗೆ `Order-1` ಅಂತ ಇದೆ. ಇದಕ್ಕಿಂತ ಸ್ಪಷ್ಟ ಇನ್ನೇನು ಬೇಕು? ನನ್ನ ಅಭಿಪ್ರಾಯದಲ್ಲಿ ಶರಣಪ್ಪನಿಗೆ ಎರಡೇ ದಾರಿ. ಮಾಲು ಕಳಿಸಬೇಕು, ಇಲ್ಲವೇ ಆರ್ಡರ್ ಬೇಡ ಅಂತ 640 ಹಿಂದಕ್ಕೆ ಹಾಕಬೇಕು. ಇಟ್ಟುಕೊಂಡು ಹಳೆ ಬಾಕಿಗೆ ಬರೆಯುವ ಮೂರನೇ ದಾರಿ ಇಲ್ಲ.

ಸಿಂಧನೂರು ಕಿರಾಣಿ

ವಕೀಲ ಸಾಹೇಬ್ರ, ಹಂಗಾದ್ರ ನಮ್ಮ 3,470 ಯಾವ ಕಲಮಿನ್ಯಾಗ ಬರತೈತಿ? ಅವಂಗ ಮಾಲು ಕೊಡ್ರಿ ಅಂತೀರಿ. ನಾ ಗಂಗಾವತಿ ಹೋಲ್‌ಸೇಲ್‌ನವಂಗ ಬರದ ವರ್ಷಾನೂ ರೊಕ್ಕ ಕಟ್ಟೀನಿ. ಅವ ನನಗ ಸುಗ್ಗಿ ತನ ತಡದಿಲ್ಲ.

ರಾಯಚೂರು ವಕೀಲ

ಶೆಟ್ಟರೇ, ನಿಮ್ಮ ಬಾಕಿ ಎಲ್ಲೂ ಹೋಗಿಲ್ಲ, ಆದರೆ ಅದಕ್ಕೂ ದಿನ ಎಣಿಸುತ್ತಿದೆ. ಇಂಥ ವಾಯಿದೆ ನಿಗದಿಯಿಲ್ಲದ ಉದ್ರಿಗೆ ಕೋರ್ಟಿಗೆ ಹೋಗಲು ಮಾಲು ಕೊಟ್ಟ ದಿನದಿಂದ ಮೂರು ವರ್ಷ. ಒಂದೊಂದು ಸಾಲಿಗೂ ಬೇರೆ ಬೇರೆ. 2024ರ ಜನವರಿಯ ಸಾಲು 2027ರ ಜನವರಿಗೆ ಮುಗಿಯುತ್ತದೆ, ಅದಕ್ಕೂ ಹಿಂದಿನವು ಅದಕ್ಕೂ ಮೊದಲೇ. ಅಷ್ಟರೊಳಗೆ ಹನುಮಂತ "ಇಷ್ಟು ಬಾಕಿ ಇದೆ" ಅಂತ ಬರೆದು ಸಹಿ ಹಾಕಿದರೆ ಅಲ್ಲಿಂದ ಹೊಸದಾಗಿ ಮೂರು ವರ್ಷ. ಬರೀ ನಿಮ್ಮ ಕೈಬರಹದ ಪುಸ್ತಕ ಮಾತ್ರ ತೋರಿಸಿದರೆ ಕೋರ್ಟು ಅದೊಂದನ್ನೇ ನಂಬಿ ತೀರ್ಪು ಕೊಡುವುದಿಲ್ಲ. 3,470ಕ್ಕೆ ಯಾರೂ ಕೋರ್ಟಿಗೆ ಹೋಗುವುದಿಲ್ಲ ಅನ್ನುವುದು ನನಗೂ ಗೊತ್ತು. ಅವನ ಸಹಿ ನಿಮಗೆ ಬೇಕು ಅಂದರೆ ಅವನು ನಿಮ್ಮ ಕಟ್ಟೆ ಹತ್ತಬೇಕು, ಅಷ್ಟೇ ಹೇಳುತ್ತಿದ್ದೇನೆ.

ಕುಷ್ಟಗಿ ಅಕ್ಕ

ನಮ್ಮವ್ವ ಇಪ್ಪತ್ತೆರಡು ವರ್ಷ ಮನಿ ಮುಂದಿನ ಕೋಣ್ಯಾಗ ಅಂಗಡಿ ಇಟ್ಟಿದ್ಲು. ಅದಕ್ಕ ನಾನೂ ಒಂದು ಮಾತು ಹೇಳ್ತೀನಿ. ಕಥಿಯೊಳಗ ಒಂದು ದೊಡ್ಡ ಸುಳ್ಳೈತಿ. ಹನುಮಂತ ಕಟ್ಟಿ ಹತ್ತಿಲ್ಲ ಅಂತ ಬರದೀಯಲ್ಲ ತಮ್ಮಾ, ಹನುಮಂತ ಯಾವತ್ತು ಹತ್ತಿದ್ದ? ಗಂಡಸ್ರು ಸುಗ್ಗಿಗೊಮ್ಮೆ ರೊಕ್ಕ ಕೊಡಾಕ ಬರ್ತಾರ. ದಿನಾ ಅಂಗಡಿಗೆ ಬರೋದು ಹೆಂಗಸ್ರು, ಮಕ್ಕಳು. ಉದ್ರಿ ಹೆಚ್ಚಾತು ಅಂದ್ರ ಹೆಂಗಸ್ರೂ ಬರಂಗಿಲ್ಲ, ಮಕ್ಕಳನ್ನ ಕಳಸ್ತಾರ. "ಅಪ್ಪ ಸುಗ್ಗಿಗೆ ಕೊಡ್ತಾನಂತ" ಅಂತ ಹೇಳಾಕ ಆರು ವರ್ಷದ ಕೂಸಿಗೆ ಬಾಯಿಪಾಠ ಮಾಡಸಿರ್ತಾರ.

ನಮ್ಮವ್ವ ಕೆಟ್ಟಾಕಿ ಅಲ್ಲ. ಆದ್ರ ಒಂದಿನ ಬೇಸತ್ತು ಒಂದು ಹುಡುಗಿಗೆ, ಮಂದಿ ಮುಂದ, "ನಿಮ್ಮಪ್ಪಗ ಬರಾಕ ಹೇಳು, ಹಂಗಾ ಕಳಸಬ್ಯಾಡ ಅನ್ನು" ಅಂದ್ಲು. ಆ ಹುಡುಗಿ ಕೈಯಾಗ ಎಣ್ಣಿ ಬಾಟ್ಲಿ ಖಾಲಿ ಹಿಡಕೊಂಡು ಹೊಳ್ಳಿ ಹೋತು. ಆಮ್ಯಾಲ ಆ ಮನ್ಯಾಗಿನವರು ಯಾರೂ ಬರಲಿಲ್ಲ, ಬಾಕಿನೂ ಬರಲಿಲ್ಲ. ನಮ್ಮವ್ವ ಸಾಯೋತನ ಆ ಬಾಟ್ಲಿ ಮಾತು ಆಡ್ತಿದ್ಲು.

ನಿನ್ನ ಚೀಟ್ಯಾಗ ಮೂರು ಬಿಸ್ಕೀಟು ಅದಾವ. ಯಾರಿಗೆ ಅವು? ಶರಣಪ್ಪ ಕೊನೇ ಸಲ ಆ ಮನಿಯ ಯಾವ ಕೂಸಿಗೆ ಏನಂದು ಕಳಿಸಿದ್ದ? ಅದನ್ನ ಬರಿ. ಅದು ಗೊತ್ತಾದ್ರ ಪೆನ್ಸಿಲ್ಲೋ ದಾರಾನೋ ಅಂತ ತಾನಾಗೇ ಗೊತ್ತಾಗತೈತಿ.

ಎಡದಂಡೆ ಹುಡುಗ

ಅಕ್ಕಾ, ನಿನ್ನ ಮಾತು ಓದಿ ಎರಡು ದಿನ ಇಲ್ಲಿ ಬರಲಿಲ್ಲ. ಈಗ ಖರೇ ಹೇಳ್ತೀನಿ.

ಮಂಜು ನಾನೇ. ಇದು ಹೋದ ದೀಪಾವಳಿ ಮುಂದ ನಮ್ಮ ಅಂಗಡ್ಯಾಗ ಆದದ್ದು. ಅಪ್ಪ ಪೆನ್ಸಿಲ್ ಹಿಡಿದ. 3,470ರಾಗ 640 ಕಳೆದು 2,830 ಅಂತ ಬರೆದ. ಕಟ್ಟಿದ್ದ ಪುಟಾಣಿ ಹೊಳ್ಳಿ ಡಬ್ಬಿಗೆ ಹಾಕಿದ. ಆದ್ರ ಮೆಸೇಜ್ ಕಳಿಸಿದ್ದು ಅಪ್ಪ ಅಲ್ಲ. ನಾನು. "ನಿಮ್ಮ 640 ರೂಪಾಯಿ ಹಳೇ ಬಾಕಿಗೆ ಜಮಾ ಆಗಿದೆ, ಉಳಿದ ಬಾಕಿ 2,830" ಅಂತ ನಾನೇ ಟೈಪ್ ಮಾಡಿದೆ. ಆಗ ನನಗ ಅದು ಚೊಕ್ಕ ಕೆಲಸ ಅನಿಸಿತ್ತು. ಎರಡು ನೀಲಿ ಗೀಟು ಬಂದ್ವು. ಉತ್ತರ ಬರಲಿಲ್ಲ.

ಎರಡನೇ ಆರ್ಡರ್ ಬರಾಕ ಹತ್ತೊಂಬತ್ತು ದಿನ ಹಿಡೀತು. ಅದು ಊರಿಗೆ ಹೊಸದಾಗಿ ಬಂದ ಮೇಷ್ಟ್ರದ್ದು. ಮೂರನೇದು ನರ್ಸಮ್ಮಂದು. ಆ್ಯಪ್ ಸರಿ ಇಲ್ಲ ಅಂತ ತಿಳಕೊಂಡು ನಾನು ಫೋಟೋ ಬದಲಿಸಿದೆ, ಬಣ್ಣ ಬದಲಿಸಿದೆ, ಮನಿಗೆ ಮುಟ್ಟಿಸೋದು ಪುಕ್ಕಟೆ ಅಂತ ಬರೆದೆ. ಒಂದು ರಾತ್ರಿ ಆರ್ಡರ್ ಹಾಕಿದವರ ಹೆಸರು ಮತ್ತ ಖಾತೆ ಪುಸ್ತಕ ಅಕ್ಕಪಕ್ಕ ಇಟ್ಟು ನೋಡಿದೆ. ಹನ್ನೊಂದು ಆರ್ಡರ್. ಹನುಮಂತನ್ನ ಬಿಟ್ರ ಒಬ್ಬರ ಹೆಸರೂ ಪುಸ್ತಕದಾಗ ಇಲ್ಲ. ಖಾತೆ ಇದ್ದ ಒಂದು ಮನಿಯೂ ಆ್ಯಪಿಗೆ ರೊಕ್ಕ ಹಾಕಿಲ್ಲ. ಕಟಿಂಗ್ ಅಂಗಡ್ಯಾಗ ಕುಂತಾಗ ಗೊತ್ತಾತು, "ಅದ್ರಾಗ ಹಾಕಬ್ಯಾಡ್ರಿ, ಹಳೇ ಬಾಕಿಗೆ ನುಂಗತೈತಿ" ಅಂತ ಊರಾಗ ಮಾತಾಗಿತ್ತು.

ಕಥ್ಯಾಗ ಆತನ ಕೈಯಾಗ ದಾರ ಕೊಟ್ಟು ಎಲ್ಲಾ ಸರಿ ಮಾಡಬೇಕಂತ ಕುಂತಿದ್ದೆ. ನಾಲ್ಕು ಸಲಾನೂ ಅದು ಸುಳ್ಳಾಗಿ ಕಾಣ್ತು.

ಕೋಡ್ ಗಂಗಾವತಿ

ಹೇಳಿದ್ದು ಒಳ್ಳೇದಾಯ್ತು. ಬಣ್ಣ ಬದಲಿಸೋ ಕೆಲಸ ನಾವೆಲ್ಲಾ ಮಾಡಿದ್ದೀವಿ. ಒಂದು ಯೋಚನೆ: ಆ್ಯಪಿನಲ್ಲಿ "ಸಾಮಾನು" ಒಂದು ಬಟನ್, "ಹಳೇ ಬಾಕಿ ಕಟ್ಟು" ಇನ್ನೊಂದು ಬಟನ್ ಇಡು. ಎರಡನೇದಕ್ಕೆ ಟಿಪ್ಪಣಿ `Baki` ಅಂತ ಹೋಗಲಿ. ಯಾವುದಕ್ಕೆ ಅಂತ ಗಿರಾಕಿಯೇ ಒತ್ತಿ ಹೇಳ್ತಾನೆ. ಬಾಕಿ ಎಷ್ಟಿದೆ ಅಂತಲೂ ಅಲ್ಲೇ ತೋರಿಸಬಹುದು.

ಕುಷ್ಟಗಿ ಅಕ್ಕ

ತೋರಸಬ್ಯಾಡ್ರಪ್ಪಾ. ಹಳ್ಳ್ಯಾಗ ಫೋನು ಒಬ್ಬರದಲ್ಲ. ಮಗ ಆಟ ಆಡ್ತಿರ್ತಾನ, ಅತ್ತಿ ಮಗಳ ಜೋಡಿ ಮಾತಾಡ್ತಿರ್ತಾಳ, ಪಕ್ಕದ ಮನಿ ಹುಡುಗ ರೀಚಾರ್ಜ್ ಮಾಡಿ ಕೊಡ್ತಾನ. ಎಷ್ಟೋ ಮನ್ಯಾಗ ಹೆಂಡತಿ ಉದ್ರಿ ಮಾಡಿದ್ದು ಗಂಡಗ ಗೊತ್ತಿರಂಗಿಲ್ಲ. ಪುಸ್ತಕ ಅಂಗಡ್ಯಾಗ ಮುಚ್ಚಿಕೊಂಡು ಇರತೈತಿ, ಅದೇ ಅದರ ಮರ್ಯಾದಿ.

ಸಿಂಧನೂರು ಕಿರಾಣಿ

ಅಕ್ಕನ ಮಾತು ಖರೇ. ನನ್ನ ಪುಸ್ತಕ ನಮ್ಮ ಮನ್ಯಾಕಿಗೂ ತೋರ್ಸಿಲ್ಲ ನಾನು.

ತಮ್ಮಾ, ನಿಮ್ಮಪ್ಪ ಮಾಡಿದ್ದಕ್ಕ ನಾ ಈಗಲೂ ತಪ್ಪು ಅನ್ನಂಗಿಲ್ಲ. ಆತ ಗಿರಾಕಿ ಎದುರಿಗಿದ್ದಾಗ ಏನು ಮಾಡ್ತಿದ್ದನೋ ಅದನ್ನೇ ಮಾಡ್ಯಾನ. ಆದ್ರ ಒಂದು ವ್ಯತ್ಯಾಸ ನಾನೂ ಮರ್ತಿದ್ದೆ. ನಾನು ಐದು ಸಾವಿರದಾಗ ಹಳೇದು ಮುರಕೊಂಡ್ರೂ ಗಿರಾಕಿನ್ನ ಬರಿಗೈಲೆ ಕಳಿಸಿಲ್ಲ. ಏನರ ಒಂದು ಕಟ್ಟಿ ಕೊಟ್ಟೇ ಕಳಿಸೀನಿ. ನೀವು 640ನೂ ಇಟಗೊಂಡ್ರಿ, ಒಂದು ಬಿಸ್ಕೀಟು ಸೈತ ಕಳಸಲಿಲ್ಲ.

ನಾನಾಗಿದ್ರ ಈಗ ಹಿಂಗ ಮಾಡ್ತಿದ್ದೆ. ಪುಸ್ತಕದಾಗ 2,830 ಹೊಡದು ಹಾಕಿ ಮತ್ತ 3,470 ಬರೀ. ಆ ಎಂಟು ಸಾಮಾನು ಆವತ್ತಿನ ಧಾರಣಿಗೇ ಕಟ್ಟು, ಬ್ಯಾಳಿ ಏರಿದ್ರ ಏರಲಿ. ಮನಿಗೆ ಒಯ್ದು ಕೊಡು. ಬಾಕಿ ಮಾತು ಆ ದಿನ ಬಾಯಾಗ ಬರಬಾರದು. ಮುಂದಿನ ಸುಗ್ಗಿಗೆ ನಿಮ್ಮಪ್ಪ ಹೋಗಿ ಕೇಳಲಿ, ನೀ ಫೋನಿನ್ಯಾಗ ಕೇಳಬ್ಯಾಡ.

ರಾಯಚೂರು ವಕೀಲ

ನಾನು ಹೇಳಬೇಕಾದದ್ದನ್ನೇ ಶೆಟ್ಟರು ಹೇಳಿದರು. ಒಂದು ಸಣ್ಣ ತಕರಾರು. ಇಷ್ಟು ತಿಂಗಳಾದ ಮೇಲೆ ಮಾಲು ಬೇಕೋ ರೊಕ್ಕ ಬೇಕೋ ಅನ್ನುವುದನ್ನು ಹನುಮಂತನೇ ಹೇಳಬೇಕು. ಅವನಿಗೆ ಇವತ್ತು ಬ್ಯಾಳಿ ಬೇಡವಾಗಿರಬಹುದು. ಕೇಳದೆ ಚೀಲ ಒಯ್ದು ಬಾಗಿಲಲ್ಲಿ ಇಟ್ಟರೆ, ಕೇಳದೆ ಜಮಾ ಮಾಡಿದ್ದರ ಇನ್ನೊಂದು ರೂಪ ಅದು.

ಸಿಂಧನೂರು ಕಿರಾಣಿ

ಸಾಹೇಬ್ರ, ಕೇಳಾಕ ಹೋದ್ರ ಅವ "ಏನೂ ಬ್ಯಾಡ್ರಿ, ಇರಲಿ ಬಿಡ್ರಿ" ಅಂತಾನ. ನಮ್ಮ ಕಡೆ ಮಂದಿ ಹಂಗ ಅದಾರ. ಒಯ್ದು ಇಟ್ರನ ತಗೊಳ್ಳೋದು.

ಮಾನ್ವಿ ತಮ್ಮ

ನಾ ಇದು ಖರೇ ಅಂಗಡಿ ಅಂತ ಮೊದಲೇ ತಿಳಕೊಂಡಿದ್ದೆ. ಅಣ್ಣಾ, ನನ್ನ ಅಂಗಡ್ಯಾಗೂ ಖಾತೆ ಅದಾವ, ಮೂವತ್ತು ಮನಿ. ನಾ ಆ್ಯಪ್ ಮಾಡಿಸಿದ್ರ ಉದ್ರಿಯವರಿಗೂ ನಗದಿ ಧಾರಣಿನೇ ಕಾಣತೈತಲ್ಲ, ಅದಕ್ಕ ಏನು ಮಾಡ್ಲಿ?

ಎಡದಂಡೆ ಹುಡುಗ

ತಮ್ಮಾ, ಅದಕ್ಕ ಇನ್ನೂ ನನ್ನ ಹತ್ರ ಉತ್ತರ ಇಲ್ಲ. ನಮ್ಮಲ್ಲಿ ಇಬ್ರು ಕೇಳ್ಯಾರ, ಅಪ್ಪ "ಅದು ಕಂಪ್ಯೂಟರಿನ ಧಾರಣಿ" ಅಂದು ತಪ್ಪಿಸಿಕೊಂಡ.

ನಿನ್ನೆ ರಾತ್ರಿ ಅಂಗಡಿ ಬಾಗಲಾ ಹಾಕಿದ ಮ್ಯಾಲ ನೀವು ಬರದದ್ದನ್ನೆಲ್ಲಾ ಅಪ್ಪಗ ಓದಿ ಹೇಳಿದೆ. ವಕೀಲ್ರ ಕಲಮು ಬಂದಾಗ ಕೈ ಮಾಡಿ ಸಾಕು ಅಂದ. ಸಿಂಧನೂರು ಶೆಟ್ಟರ ಮಾತು ಎರಡು ಸಲ ಓದಿಸಿದ. ಕುಷ್ಟಗಿ ಅಕ್ಕನ ಬಾಟ್ಲಿ ಮಾತು ಓದುವಾಗ ತಕ್ಕಡಿ ಒರಸಾಕ ಹತ್ತಿದ್ದ, ಒರಸೋದು ನಿಲ್ಲಿಸಲಿಲ್ಲ. ಎಲ್ಲಾ ಮುಗಿದ ಮ್ಯಾಲ ಹಳೇ ಪುಸ್ತಕ ಕೊಡು ಅಂದ. ಹನುಮಂತನ ಹಾಳಿ ತಗದು 2024ರ ಜನವರಿ ಸಾಲಿನ ಮ್ಯಾಲ ಬೊಟ್ಟಿಟ್ಟು ಭಾಳ ಹೊತ್ತು ಕುಂತ. ಅಲ್ಲಿ ಬರದದ್ದು ಇಷ್ಟೇ: ಸಕ್ಕರಿ ಅರ್ಧ ಕಿಲೋ, ಚಾಪುಡಿ ಹತ್ತು ರೂಪಾಯಿದು.

ಆಮ್ಯಾಲ ನನ್ನ ಕೇಳಿದ, "ಆವತ್ತು ಬಂದಿದ್ದು ದೊಡ್ಡ ಹುಡುಗನೋ, ಸಣ್ಣಾವನೋ?"